ಘಾತ ಕಾಣಿಸುವ ಹಾಗೆ ಪಾಠದ ವಿಡಿಯೊ

ಗಣಿತದ ಶಿಕ್ಷಕರೊಬ್ಬರು ಹತ್ತನೇ ತರಗತಿಯ ವರ್ಗ ಸಮೀಕರಣವನ್ನು ಹಾಳೆಯ ಮೇಲೆ ಬಿಡಿಸುತ್ತಾ, ತಲೆಯ ಮಟ್ಟಕ್ಕಿಂತ ಕೆಳಗೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ ಎನ್ನಿ. x² + 5x + 6 = 0 ಎಂದು ಬರೆದದ್ದು ಅವರ ಮೊಬೈಲಿನಲ್ಲಿ ಚೊಕ್ಕವಾಗಿಯೇ ಕಾಣುತ್ತದೆ. ಅದೇ ವಿಡಿಯೊ ವಾಟ್ಸಾಪ್‌ನಲ್ಲಿ ಕುಗ್ಗಿ ಮಕ್ಕಳನ್ನು ತಲುಪುವಾಗ x ಪಕ್ಕದ ಘಾತ ಬರೀ ಮಸಿಚುಕ್ಕೆ. ಕನ್ನಡ ಪಾಠವಾದರೆ ಈ ಪೆಟ್ಟು ಒತ್ತಕ್ಷರಗಳಿಗೆ. ಪ, ಷ, ಫ ಕೂಡ ಒಂದೇ ಆಗಿಬಿಡುತ್ತವೆ.

ಆದ್ದರಿಂದ ಹಾಳೆಯ ಅತಿ ಚಿಕ್ಕ ಗುರುತಿನಿಂದಲೇ ಲೆಕ್ಕ ಶುರುವಾಗಬೇಕು. 480p ವಿಡಿಯೊದ ಅಗಲ ಸುಮಾರು 854 ಪಿಕ್ಸೆಲ್. ಅಡ್ಡಲಾಗಿಟ್ಟ ಎ4 ಹಾಳೆಯ 30 ಸೆಂ.ಮೀ. ಅಗಲವನ್ನು ಅದರಲ್ಲಿ ತುಂಬಿದರೆ, 2 ಮಿ.ಮೀ. ಎತ್ತರದ ಘಾತಕ್ಕೆ ಸಿಗುವುದು ಆರೇ ಪಿಕ್ಸೆಲ್. ಅಷ್ಟರಲ್ಲಿ 2 ಮತ್ತು 3 ಬೇರೆಯಾಗಿ ಕಾಣುವುದು ಕಷ್ಟ. ಹಾಳೆಯನ್ನು ಅರ್ಧಕ್ಕೆ ಮಡಚಿ, ಪೆನ್ಸಿಲಿನಲ್ಲಿ 20 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರದ ಚೌಕಟ್ಟು ಎಳೆದು, ಘಾತವನ್ನು 3 ಮಿ.ಮೀ.ಗೆ ಹಿಗ್ಗಿಸಿ ಬರೆಯಿರಿ. ಈಗ ಅದಕ್ಕೆ ಹನ್ನೆರಡಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಬೆಲೆಬಾಳುವ ಕ್ಯಾಮೆರಾ ತಂದರೂ, ಕುಗ್ಗಿದ ವಿಡಿಯೊದಲ್ಲಿ ಇಷ್ಟು ಲಾಭ ಬರುವುದಿಲ್ಲ. ಮೊಬೈಲನ್ನು ಸುಮಾರು ಒಂದಡಿ ಎತ್ತರದಲ್ಲಿಟ್ಟು, ಚೌಕಟ್ಟು ಪರದೆ ತುಂಬುವಷ್ಟು ಮಾತ್ರ ಜೂಮ್ ಮಾಡಿದರೆ ಕೈಯಾಡಿಸಲು ಜಾಗವೂ ಉಳಿಯುತ್ತದೆ.

ಅಕ್ಷರ ದೊಡ್ಡದಾದ ಮೇಲೂ ಒಂದು ತೊಂದರೆ ಉಳಿಯುತ್ತದೆ. ಕೈ ಚೌಕಟ್ಟಿನೊಳಗೆ ಬಂದಾಗಲೆಲ್ಲ ಕ್ಯಾಮೆರಾ ಅದರ ಮೇಲೆ ಫೋಕಸ್ ಮಾಡಲು ಹೋಗುತ್ತದೆ, ಹಾಳೆ ಒಮ್ಮೆ ಬೆಳ್ಳಗೆ ಒಮ್ಮೆ ಬೂದಿಬಣ್ಣಕ್ಕೆ ತಿರುಗುತ್ತದೆ, ಬರಹ ಮಂಜಾಗುತ್ತದೆ. ಇದಕ್ಕೆ ಪಾಠದ ಶೀರ್ಷಿಕೆಯನ್ನು ಮೊದಲೇ ಬರೆದಿಟ್ಟು, ಪರದೆಯಲ್ಲಿ ಆ ಅಕ್ಷರಗಳ ಮೇಲೆ ಬೆರಳನ್ನು ಒತ್ತಿ ಹಿಡಿಯಬೇಕು. ಐಫೋನಿನಲ್ಲಿ AE/AF LOCK ಎಂದು ಮೂಡುತ್ತದೆ; ಹಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಬೀಗದ ಗುರುತು ಬರುತ್ತದೆ. ಖಾಲಿ ಹಾಳೆಯ ಮೇಲೆ ಇದನ್ನು ಮಾಡಬೇಡಿ, ಫೋಕಸ್ ಕೂರಲು ಅಲ್ಲಿ ಏನೂ ಇರುವುದಿಲ್ಲ.

ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಿಂದ ಮೊಬೈಲಿನ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಬಲಗೈಯಲ್ಲಿ ಬರೆಯುವವರು ಎಡಗಡೆ ಕಿಟಕಿ ಇರುವಂತೆ ಕೂತರೆ ಸಾಕು, ಆ ನೆರಳು ಮಾಸುತ್ತದೆ, ಕೈನೆರಳೂ ಬರಹದಿಂದ ಆಚೆ ಸರಿಯುತ್ತದೆ.

ಇನ್ನೊಂದು ಗೊತ್ತಿರಲಿ. ನೆಲದತ್ತ ಮುಖಮಾಡಿ ಮಲಗಿಸಿದ ಮೊಬೈಲಿಗೆ ತಾನು ಅಡ್ಡಲಾಗಿದ್ದೇನೋ ಉದ್ದಕ್ಕಿದ್ದೇನೋ ತಿಳಿಯದೆ, ಇಡೀ ಪಾಠ ಪಕ್ಕಕ್ಕೆ ವಾಲಿ ರೆಕಾರ್ಡ್ ಆಗಬಹುದು. ಮೊಬೈಲನ್ನು ಅಡ್ಡವಾಗಿ ಎತ್ತಿಹಿಡಿದು ರೆಕಾರ್ಡಿಂಗ್ ಒತ್ತಿ, ಆಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿ, ಫೋಕಸ್ ಲಾಕ್ ಮಾಡಿ. ಆರಂಭದ ತುಣುಕನ್ನು ಕತ್ತರಿಸಿದರಾಯಿತು.

ಪೂರ್ತಿ ಪಾಠಕ್ಕೆ ಮುಂಚೆ ಅರ್ಧ ನಿಮಿಷದ್ದೊಂದು ವಿಡಿಯೊ ಮಾಡಿ, ಮನೆಯಲ್ಲಿರುವ ಅತಿ ಚಿಕ್ಕ ಮೊಬೈಲಿಗೆ ವಾಟ್ಸಾಪ್‌ನಲ್ಲೇ ಕಳಿಸಿ ನೋಡಿ. ಘಾತ ಓದಲು ಬಾರದಿದ್ದರೆ ಚೌಕಟ್ಟನ್ನು ಇನ್ನೂ ಚಿಕ್ಕದು ಮಾಡಿ.