ಡಬ್ಬಿಯ ಬೆನ್ನು ಓದುವುದು ಹೇಗೆ

ಗಲ್ಫ್‌ನಿಂದ ರಜೆಗೆ ಬರುವವರ ಸೂಟ್‌ಕೇಸಿನಲ್ಲಿ ಚಾಕೊಲೇಟ್ ಇರುವುದು ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಹೊಸದೇನಲ್ಲ. ಹಾಗೆ ಮನೆಮಂದಿಗೆ, ನೆಂಟರಿಷ್ಟರಿಗೆ ಹಂಚಲು ತಂದ ಡಬ್ಬಿಯ ಮೇಲೆ ಆಮದುದಾರರ ಚೀಟಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅದೇ ಡಬ್ಬಿ ಅಂಗಡಿಯ ಕಪಾಟಿನಲ್ಲಿ ಮಾರಾಟಕ್ಕೆ ಕೂತರೆ ಮಾತ್ರ ಕಾನೂನು ಬೇರೆ. ಆಗ ಅದರ ಬೆನ್ನ ಮೇಲೆ ಭಾರತದಲ್ಲಿ ಯಾರು ಅದಕ್ಕೆ ಜವಾಬ್ದಾರರು ಎಂಬುದು ಬರೆದಿರಲೇಬೇಕು.

ಗ್ರೇ ಮಾರ್ಕೆಟ್ ಮಾಲು ಎಂದರೆ ನಕಲಿ ಮಾಲು ಎಂದೇ ಹಲವರ ತಿಳಿವಳಿಕೆ. ಹಾಗಲ್ಲ. ಬಹಳ ಸಲ ಅದು ಅಸಲಿ ಕಂಪನಿಯ ಅಸಲಿ ಕಾರ್ಖಾನೆಯಲ್ಲೇ ತಯಾರಾಗಿರುತ್ತದೆ. ಆದರೆ ಬೇರೆ ದೇಶದ ಗ್ರಾಹಕರಿಗೆಂದು ತಯಾರಾದದ್ದು, ಕಂಪನಿ ಒಪ್ಪಿದ ದಾರಿ ಬಿಟ್ಟು ಇನ್ನಾವುದೋ ದಾರಿಯಲ್ಲಿ ಇಲ್ಲಿಗೆ ಬಂದಿರುತ್ತದೆ. ಅಂಥ ಮಾಲಿನ ನಡುವೆ ನಕಲಿಯನ್ನು ನುಸುಳಿಸುವುದೂ ಸುಲಭ. ಹಾಗಾಗಿ ‘ಇದು ಒರಿಜಿನಲ್ಲಾ?’ ಎಂದು ಅಂಗಡಿಯವರನ್ನು ಕೇಳಿ ಪ್ರಯೋಜನವಿಲ್ಲ. ‘ಇದನ್ನು ತರಿಸಿದವರು ಯಾರು?’ ಎಂಬ ಪ್ರಶ್ನೆಗೆ ಡಬ್ಬಿಯೇ ಉತ್ತರ ಕೊಡಬೇಕು.

ಚಾಕೊಲೇಟ್ ಡಬ್ಬಿಯನ್ನು ತಿರುಗಿಸಿ. ಆಮದುದಾರರ ಹೆಸರು, ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಗುರುತು, ಪರವಾನಗಿ ಸಂಖ್ಯೆ ಮತ್ತು ಸಸ್ಯಾಹಾರವೋ ಮಾಂಸಾಹಾರವೋ ಎಂದು ತಿಳಿಸುವ ಚಿಹ್ನೆ, ಇವನ್ನು ಮಾಲು ಕಸ್ಟಮ್ಸ್ ವಶದಲ್ಲಿರುವಾಗಲೇ ಚೀಟಿಯ ರೂಪದಲ್ಲಿ ಅಂಟಿಸಲು ಅವಕಾಶವಿದೆ. ಎಂಆರ್‌ಪಿ, ಯಾವ ದೇಶದಲ್ಲಿ ತಯಾರಾದದ್ದು, ದೂರು ಕೊಡಲು ಯಾರನ್ನು ಸಂಪರ್ಕಿಸಬೇಕು ಎಂಬುದೂ ಇರಬೇಕು. ಆದರೆ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ಎಲ್ಲಿಯವರೆಗೆ ತಿನ್ನಬಹುದು ಎಂಬ ದಿನಾಂಕ ಮೂಲ ಪೊಟ್ಟಣದ ಮೇಲೇ ಅಚ್ಚಾಗಿರಬೇಕು. ಅವನ್ನು ಚೀಟಿಯಿಂದ ಮುಚ್ಚುವಂತಿಲ್ಲ, ತಿದ್ದುವಂತಿಲ್ಲ. ಚೀಟಿಯ ಅಂಚು ಸರಿಯಾಗಿ ದಿನಾಂಕದ ಮೇಲೆಯೇ ಬಂದು ಕೂತಿದ್ದರೆ ನಾನು ಆ ಡಬ್ಬಿಯನ್ನು ವಾಪಸು ಕಪಾಟಿನಲ್ಲೇ ಇಡುತ್ತೇನೆ.

ಚೀಟಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಲ್ಲ ಎಂಬ ಸಂಶಯ ನ್ಯಾಯವಾದದ್ದೇ. ಅದಕ್ಕಾಗಿ ಪರವಾನಗಿ ಸಂಖ್ಯೆಯನ್ನು ನೋಡಬೇಕು. ಅದರಲ್ಲಿ 14 ಅಂಕಿಗಳಿರುತ್ತವೆ. ಆಹಾರ ಆಮದಿಗೆ ಕೇಂದ್ರದ ಪರವಾನಗಿಯೇ ಬೇಕು, ಮತ್ತು ಕೇಂದ್ರದ ಪರವಾನಗಿ 100 ಎಂದು ಶುರುವಾಗುತ್ತದೆ. 2ರಿಂದ ಶುರುವಾಗುವ ಸಂಖ್ಯೆ ಸಣ್ಣ ವ್ಯಾಪಾರಿಗಳ ನೋಂದಣಿಯದು, ಅದರ ಮೇಲೆ ವಿದೇಶಿ ಚಾಕೊಲೇಟ್ ತರಿಸುವಂತಿಲ್ಲ. foscos.fssai.gov.in ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಈಗಲೂ ಊರ್ಜಿತವಿದೆಯೇ ಎಂಬುದು ಕಾಣುತ್ತದೆ. ಚೀಟಿಯ ಮೇಲಿನ ಹೆಸರೂ ಅಲ್ಲಿ ಕಂಡ ಹೆಸರೂ ಒಂದೇ ಆಗಿರಬೇಕು. ಅಂಗಡಿಯವರು ತಮ್ಮದೇ ಸಂಖ್ಯೆಯನ್ನು ಚೀಟಿಗೆ ಹಾಕಿಸಿದ್ದರೆ ಇಲ್ಲಿ ಗೊತ್ತಾಗಿಬಿಡುತ್ತದೆ.

ಇನ್ನು ದಿನಾಂಕಗಳ ಲೆಕ್ಕ. ಕಸ್ಟಮ್ಸ್ ದಾಟುವ ಹೊತ್ತಿಗೆ ಆಹಾರದ ಒಟ್ಟು ಬಾಳಿಕೆಯಲ್ಲಿ ಶೇ 60ರಷ್ಟು ಅಥವಾ ಮೂರು ತಿಂಗಳು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಬಾಕಿ ಇರಬೇಕೆಂಬುದು ನಿಯಮ. ಒಂದು ವರ್ಷ ಬಾಳುವ ಚಾಕೊಲೇಟ್ ಎಂದುಕೊಳ್ಳಿ. ಶೇ 60 ಎಂದರೆ ಏಳು ತಿಂಗಳಿಗೂ ಹೆಚ್ಚಾಯಿತು, ಹಾಗಾಗಿ ಮೂರು ತಿಂಗಳೇ ಅಳತೆ. ಚೀಟಿಯಲ್ಲಿ ಆಮದಾದದ್ದು ಜೂನ್ ಎಂದೂ ಪೊಟ್ಟಣದ ಮೇಲೆ ಬಳಕೆಯ ಕೊನೆ ಜುಲೈ ಎಂದೂ ಇದ್ದರೆ ಆ ಮಾಲು ನೇರ ದಾರಿಯಲ್ಲಿ ಬಂದಿರಲಾರದು. ಅವಧಿ ಮುಗಿಯಲು ಬಂದದ್ದನ್ನು ವಿದೇಶದಲ್ಲಿ ಅಗ್ಗಕ್ಕೆ ಕೊಂಡು ಇಲ್ಲಿ ಸುರಿಯುವುದು ಈ ದಂಧೆಯ ಲಾಭದ ಒಂದು ಮೂಲ. ದಿನಾಂಕ ಓದುವಾಗಲೂ ಎಚ್ಚರ ಬೇಕು: 05/11 ಎಂಬುದು ಯುರೋಪಿನ ಪೊಟ್ಟಣದಲ್ಲಿ ನವೆಂಬರ್ 5, ಅಮೆರಿಕದ್ದರಲ್ಲಿ ಮೇ 11.

ಕ್ರೀಮು, ಲಿಪ್‌ಸ್ಟಿಕ್‌ಗಳ ವಿಷಯಕ್ಕೆ ಬಂದರೆ ಕಷ್ಟ ಹೆಚ್ಚು. ಮೂವತ್ತು ತಿಂಗಳಿಗಿಂತ ಹೆಚ್ಚು ಬಾಳುವ ಸೌಂದರ್ಯವರ್ಧಕದ ಮೇಲೆ ಅಂತಿಮ ದಿನಾಂಕ ಹಾಕಬೇಕೆಂದು ಯುರೋಪಿನ ಕಾನೂನು ಹೇಳುವುದಿಲ್ಲ. ಮುಚ್ಚಳ ತೆರೆದ ಡಬ್ಬಿಯ ಚಿತ್ರ ಬರೆದು 12M ಎಂದು ಹಾಕಿದರೆ ಸಾಕು, ತೆರೆದ ಮೇಲೆ ಹನ್ನೆರಡು ತಿಂಗಳು ಎಂದು ಅರ್ಥ. ತೆರೆಯುವ ಮೊದಲು ಅದು ಎಷ್ಟು ವರ್ಷ ಗೋದಾಮಿನಲ್ಲಿ ಕೂತಿತ್ತು ಎಂಬುದನ್ನು ಬ್ಯಾಚ್ ಕೋಡ್ ಮಾತ್ರ ಹೇಳಬಲ್ಲದು.

ಆ ಕೋಡನ್ನು ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಬರೆಯುತ್ತದೆ. ಕ್ಲಿನಿಕ್, ಮ್ಯಾಕ್ ಬ್ರ್ಯಾಂಡುಗಳನ್ನು ಹೊಂದಿರುವ ಎಸ್ಟೀ ಲಾಡರ್ ಬಹುಕಾಲದಿಂದ ಬಳಸಿದ್ದು ಮೂರೇ ಅಕ್ಷರಗಳ ಕೋಡ್. A53 ಎಂದಿದ್ದರೆ A ಕಾರ್ಖಾನೆ, 5 ತಿಂಗಳು, 3 ವರ್ಷದ ಕೊನೆಯ ಅಂಕಿ. ಅಂದರೆ ಮೇ 2023. ಆದರೆ ಮೇ 2013 ಕೂಡ ಇದೇ A53! ಆ ಬಣ್ಣ, ಆ ಡಬ್ಬಿ ಯಾವಾಗಿನಿಂದ ಮಾರುಕಟ್ಟೆಯಲ್ಲಿದೆ ಎಂದು ನೋಡಿಯೇ ಹತ್ತು ವರ್ಷದ ಈ ಗೊಂದಲ ಬಿಡಿಸಬೇಕು. ಕೋಡ್ ಹಾಕಿದರೆ ದಿನಾಂಕ ಹೇಳುವ ವೆಬ್‌ಸೈಟುಗಳಿವೆ. ಅವು ಹೇಳುವುದು ವಯಸ್ಸನ್ನು ಮಾತ್ರ. ಅಸಲಿ ಡಬ್ಬಿಯ ಕೋಡನ್ನೇ ಸಾವಿರ ನಕಲಿ ಡಬ್ಬಿಗಳಿಗೆ ಒತ್ತಿದರೂ ಅವು ‘ಸರಿ’ ಎಂದೇ ತೋರಿಸುತ್ತವೆ.

ಆದ್ದರಿಂದ ನೋಡಬೇಕಾದದ್ದು ಹೊಂದಾಣಿಕೆ. ಹೊರಗಿನ ಪೆಟ್ಟಿಗೆಯ ಕೋಡೂ ಒಳಗಿನ ಬಾಟಲಿಯ ಕೋಡೂ ಒಂದೇ ಇರಬೇಕು. ಕೋಡನ್ನು ಕೆರೆದು ತೆಗೆದಿದ್ದರೆ, ದ್ರಾವಕದಿಂದ ಒರೆಸಿದ ಕಲೆ ಕಂಡರೆ, ಪೆಟ್ಟಿಗೆಯ ಆ ಮೂಲೆಯನ್ನೇ ಕತ್ತರಿಸಿದ್ದರೆ ಅದಕ್ಕೆ ಕಾರಣವಿದೆ: ಕೋಡ್ ಸಿಕ್ಕರೆ ಆ ಮಾಲನ್ನು ಯಾವ ದೇಶದ ಯಾವ ವಿತರಕರಿಗೆ ಕೊಟ್ಟಿದ್ದೆಂದು ಕಂಪನಿ ಪತ್ತೆ ಹಚ್ಚುತ್ತದೆ, ಸೋರಿಕೆಯ ಬಾಯಿ ಮುಚ್ಚುತ್ತದೆ.

ಭಾರತದಲ್ಲಿ ಮಾರುವ ವಿದೇಶಿ ಸೌಂದರ್ಯವರ್ಧಕಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ನೋಂದಣಿ ಬೇಕು. 2020ರ ನಿಯಮಗಳಂತೆ ಆ ನೋಂದಣಿ ಪತ್ರದ ಸಂಖ್ಯೆ, ಅದನ್ನು ಪಡೆದವರ ಹೆಸರು ಮತ್ತು ವಿಳಾಸ ಲೇಬಲ್ ಮೇಲಿರಬೇಕು. ಯುರೋಪಿನಲ್ಲಿ ಇಲ್ಲದಿದ್ದರೂ ಇಲ್ಲಿ ಎಂದಿನವರೆಗೆ ಬಳಸಬಹುದು ಎಂಬ ದಿನಾಂಕ ಕಡ್ಡಾಯ. ಎಫ್‌ಎಸ್‌ಎಸ್‌ಎಐ ಸಂಖ್ಯೆ ಹಾಕಿದ ಫೇಸ್ ಕ್ರೀಮ್ ಕಂಡರೆ ಅದು ಸುಳ್ಳು ಚೀಟಿ ಎಂದು ಅಲ್ಲೇ ತೀರ್ಮಾನಿಸಬಹುದು, ಆ ಸಂಸ್ಥೆಯ ವ್ಯಾಪ್ತಿ ಆಹಾರ ಮಾತ್ರ.

ಈ ಚೀಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೇರಳದ ಮಲಪ್ಪುರಂ ಜಿಲ್ಲೆ ಕಂಡಿದೆ. ಅಲ್ಲಿನ ಕೋಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು 2021ರಿಂದ 2023ರ ನಡುವೆ ಪರೀಕ್ಷಿಸಿದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಜನರಲ್ಲಿ 15 ಮಂದಿಗೆ ಅದರ ಅಪರೂಪದ ರೂಪವೊಂದು ಕಾಣಿಸಿತು. ಅವರಲ್ಲಿ 13 ಮಂದಿ ಬಿಳಿಯಾಗಿಸುವ ಕ್ರೀಮು ಹಚ್ಚುತ್ತಿದ್ದರು. ಇಂಥ ಕ್ರೀಮುಗಳಲ್ಲಿ ಅಪಾಯ ತರುವುದು ಪಾದರಸ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂದು ಅಂಗಡಿಗಳ ತಪಾಸಣೆಗಿಳಿಯಿತು. ತಯಾರಕರ ಹೆಸರಾಗಲಿ ಆಮದುದಾರರ ವಿಳಾಸವಾಗಲಿ ಇಲ್ಲದ ಡಬ್ಬಿಯಿಂದ ತೊಂದರೆಯಾದರೆ ರೋಗಿಯೂ ವೈದ್ಯರೂ ಯಾರನ್ನು ಕೇಳಬೇಕು?

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಡಬ್ಬಿ ತಿರುಗಿಸುವ ಅವಕಾಶವಿಲ್ಲ. ಹಿಂಬದಿಯ ಫೋಟೊ ಕಳಿಸಿ ಎಂದು ಮಾರಾಟಗಾರರನ್ನು ಕೇಳಿ, ಪಾರ್ಸೆಲ್ ಬಿಚ್ಚಿದ ಕೂಡಲೇ ಬಿಲ್ಲಿನ ಜೊತೆ ಚೀಟಿ ಮತ್ತು ಕೋಡಿನ ಚಿತ್ರ ತೆಗೆದಿಡಿ. ಆಹಾರದ ದೂರನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಕೊಡಬಹುದು, ಕ್ರೀಮಿನದ್ದನ್ನು ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಕೊಡಬೇಕು. ಇಬ್ಬರೂ ಮೊದಲು ಕೇಳುವುದು ಬ್ಯಾಚ್ ಸಂಖ್ಯೆಯನ್ನೇ, ಹಾಗಾಗಿ ಒಳಗಿನದು ಖಾಲಿಯಾಗುವವರೆಗೆ ಹೊರಗಿನ ಪೆಟ್ಟಿಗೆಯನ್ನು ಎಸೆಯಬೇಡಿ.