ಗೋಡೆಯೊಳಗಿನ ಗಾಳಿ ಎಷ್ಟು ಬಿಸಿ ತಡೆಯತ್ತೆ?

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ರೋಡ್ ಹಿಡಿದರೆ ಸ್ವಲ್ಪ ಹೊತ್ತಿಗೆ ಕೇರಳ. ಅಲ್ಲಿ ಲಾರಿ ಬೇಕರ್ ಜನಪ್ರಿಯ ಮಾಡಿದ ಗೋಡೆಯ ಹೆಸರು ರ‍್ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಹೊರಗೊಂದು, ಒಳಗೊಂದು ಇಟ್ಟಿಗೆ, ನಡುವೆ ಸುಮಾರು 80 ಮಿ.ಮೀ. ಖಾಲಿ ಜಾಗ. ಎರಡನ್ನೂ ಹಿಡಿದುಕೊಳ್ಳೋಕೆ ಅಲ್ಲಲ್ಲಿ ಒಂದು ಅಡ್ಡ ಇಟ್ಟಿಗೆ. ಇದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯತ್ತೆ. ಜೊತೆಗೆ "ಒಳಗೆ ಗಾಳಿ ಇದೆ, ಮನೆ ತಂಪಾಗಿರತ್ತೆ" ಅಂತಾನೂ ಹೇಳ್ತಾರೆ. ಚಾಮರಾಜನಗರದ ಏಪ್ರಿಲ್ ಬಿಸಿಲಲ್ಲಿ ಪಶ್ಚಿಮದ ಗೋಡೆಯನ್ನು ಹೀಗೆ ಕಟ್ಟಿದರೆ ಎಷ್ಟು ತಂಪು? ಲೆಕ್ಕ ಹಾಕಿ ನೋಡೋಣ.

ಮೊದಲು ಎಲ್ಲರಿಗೂ ಹೊಳೆಯುವ ದಾರಿ: ದಪ್ಪವನ್ನು ಗಾಳಿಯ ವಾಹಕತೆಯಿಂದ ಭಾಗಿಸೋದು.

R = L/k = 0.08/0.027 ≈ 3.0 m²K/W

ಇಟ್ಟಿಗೆಗೆ k = 0.8 W/mK ಅಂತ ಇಟ್ಟುಕೊಂಡರೆ, ಅಷ್ಟೇ ದಪ್ಪದ ಇಟ್ಟಿಗೆಯ ರೋಧ ಬರೀ 0.10. ಅಂದರೆ ಗಾಳಿ ಮೂವತ್ತು ಪಟ್ಟು ಉತ್ತಮ! ಆದರೆ ಈ ಲೆಕ್ಕ ನಿಜವಾಗಬೇಕಾದರೆ ಗಾಳಿ ಅಲ್ಲಾಡಬಾರದು, ಎದುರುಬದುರಿನ ಇಟ್ಟಿಗೆಗಳು ಒಂದಕ್ಕೊಂದು ವಿಕಿರಣ ಕಳಿಸಬಾರದು. ಎರಡೂ ಆಗೋ ಮಾತಲ್ಲ.

ಬಿಸಿ ಮುಖದ ಹತ್ತಿರ ಗಾಳಿ ಮೇಲೇರತ್ತೆ, ತಣ್ಣಗಿನ ಮುಖದ ಹತ್ತಿರ ಕೆಳಗಿಳಿಯತ್ತೆ. ಎರಡು ಮುಖಗಳ ನಡುವೆ ಸುಮಾರು 4 ಡಿಗ್ರಿ ವ್ಯತ್ಯಾಸ ಇದೆ ಅಂತ ಊಹಿಸಿದರೆ, ವಹನ ಮತ್ತು ಸಂವಹನ ಸೇರಿ ಸಿಗೋದು ಸುಮಾರು

h_c ≈ 1.2 W/m²K

ನಿಂತ ಗಾಳಿಯ ವಹನವೊಂದೇ ಆಗಿದ್ದರೆ ಇದು 0.34 ಇರ್ತಿತ್ತು. ವಹನವನ್ನು ಮತ್ತೆ ಬೇರೆಯಾಗಿ ಕೂಡಿಸಬಾರದು, ಅದು ಈ 1.2ರೊಳಗೇ ಇದೆ.

ಇನ್ನು ವಿಕಿರಣ. ಇಟ್ಟಿಗೆಯ ಎಮಿಸಿವಿಟಿ ಸುಮಾರು 0.9, ಸರಾಸರಿ ತಾಪಮಾನ 35 ಡಿಗ್ರಿ, ಅಂದರೆ 308 ಕೆಲ್ವಿನ್.

h_r = 4σT³ / (1/ε₁ + 1/ε₂ − 1) = 6.63/1.22 ≈ 5.4 W/m²K

ಬಿಸಿಗೆ ಇವು ಅಕ್ಕಪಕ್ಕದ ಎರಡು ದಾರಿಗಳು. ಹಾಗಾಗಿ ಸಮಾನಾಂತರ: h ಗಳನ್ನು ಕೂಡಿಸಬೇಕು, R ಗಳನ್ನಲ್ಲ.

R_gap = 1/(1.2 + 5.4) ≈ 0.15 m²K/W

ಮೂರು ಅಂತಿದ್ದದ್ದು 0.15ಕ್ಕೆ ಇಳೀತು! ಖಾಲಿ ಜಾಗ ದಾಟುವ ಬಿಸಿಯಲ್ಲಿ ನೂರಕ್ಕೆ ಎಂಬತ್ತು ಭಾಗ ವಿಕಿರಣವೇ. ವಿಕಿರಣದ ಸೂತ್ರದಲ್ಲಿ ದಪ್ಪ L ಎಲ್ಲೂ ಇಲ್ಲ, ಅದಕ್ಕೇ ಜಾಗವನ್ನು ಇನ್ನೂ ಅಗಲ ಮಾಡಿದರೂ ಹೆಚ್ಚೇನೂ ಸಿಗಲ್ಲ.

ಈಗ ಇಡೀ ಗೋಡೆ. ಒಳ ಮೇಲ್ಮೈಗೆ 0.13, ಹೊರ ಮೇಲ್ಮೈಗೆ 0.04 ಅನ್ನೋದು ರೂಢಿಯ ಬೆಲೆಗಳು. 75 ಮಿ.ಮೀ. ಇಟ್ಟಿಗೆಗೆ 0.094. ಇವು ಒಂದರ ಹಿಂದೆ ಒಂದು ಬರೋದರಿಂದ ಸರಣಿ:

R = 0.04 + 0.094 + 0.15 + 0.094 + 0.13 ≈ 0.51

ಬಿಸಿಲಿನ ಪರಿಣಾಮ ಸೇರಿಸಿ ಹೊರಗೆ 42, ಒಳಗೆ 27 ಡಿಗ್ರಿ ಅಂದುಕೊಳ್ಳಿ. ಒಟ್ಟು 15 ಡಿಗ್ರಿಯಲ್ಲಿ ಖಾಲಿ ಜಾಗದ ಪಾಲು 15 × 0.15/0.51 ≈ 4.4. ಊಹಿಸಿದ್ದು 4, ಹತ್ತಿರವೇ ಇದೆ. ದೂರ ಇದ್ದಿದ್ದರೆ ಹೊಸ ಬೆಲೆ ಹಾಕಿ ಮತ್ತೆ ಮಾಡಬೇಕಿತ್ತು.

ಅಡ್ಡ ಇಟ್ಟಿಗೆ ಇರುವಲ್ಲಿ ಗಾಳಿಯೇ ಇಲ್ಲ, 230 ಮಿ.ಮೀ. ಉದ್ದಕ್ಕೂ ಇಟ್ಟಿಗೆ, R ≈ 0.46. ಗೋಡೆಯ ಸುಮಾರು ಕಾಲು ಭಾಗ ಇಂಥದ್ದೇ. ಇದೂ ಸಮಾನಾಂತರ ದಾರಿ:

U = 0.25/0.46 + 0.75/0.51 ≈ 2.0 W/m²K

ಅಷ್ಟೇ ದಪ್ಪದ ಗಟ್ಟಿ ಗೋಡೆಯ U ಸುಮಾರು 2.2. ಚದರ ಮೀಟರಿಗೆ 33 ವ್ಯಾಟ್ ಬರ್ತಿದ್ದದ್ದು 30 ಆಯ್ತು, ಅಷ್ಟೇ! ಸ್ಥಿರ ಸ್ಥಿತಿಯ ಲೆಕ್ಕದ ಪ್ರಕಾರ ಈ ಗೋಡೆಯ ದೊಡ್ಡ ಲಾಭ ಇಟ್ಟಿಗೆಯ ಉಳಿತಾಯವೇ ಹೊರತು ತಂಪಲ್ಲ.

ಹಾಗಾದರೆ ಎಲ್ಲಿ ಕೈ ಹಾಕಬೇಕು? 5.4ರ ಮೇಲೆ. ಖಾಲಿ ಜಾಗದ ಒಂದು ಮುಖಕ್ಕೆ ಹೊಳೆಯುವ ಅಲ್ಯೂಮಿನಿಯಂ ಹಾಳೆ, ಎಮಿಸಿವಿಟಿ 0.05, ಅಂಟಿಸಿದರೆ h_r 0.33ಕ್ಕೆ ಬೀಳತ್ತೆ. ಆಗ ಖಾಲಿ ಜಾಗದ ಎರಡು ಮುಖಗಳ ವ್ಯತ್ಯಾಸ 9 ಡಿಗ್ರಿಗೆ ಏರಿ h_c 1.5 ಆಗತ್ತೆ, ಇಲ್ಲಿ ಮರುಲೆಕ್ಕ ಬೇಕೇ ಬೇಕು. ಖಾಲಿ ಜಾಗದ R ಸುಮಾರು 0.54. ಅಡ್ಡ ಇಟ್ಟಿಗೆಗಳನ್ನೂ ಸೇರಿಸಿದರೆ ಚದರ ಮೀಟರಿಗೆ 21 ವ್ಯಾಟ್. ಹಾಳೆಯ ಮುಖ ಗಾಳಿಯ ಕಡೆಗೇ ಇರಬೇಕು. ಗಾರೆ ಮೆತ್ತಿದರೆ ಅಥವಾ ಧೂಳು ಕೂತರೆ ಎಮಿಸಿವಿಟಿ ಏರಿ, ಲಾಭ ಕರಗತ್ತೆ. ಇಟ್ಟಿಗೆ ಇಟ್ಟಿಗೆಗೂ ಅಡ್ಡ ಬರೋ ರ‍್ಯಾಟ್ ಟ್ರ್ಯಾಪ್‌ನಲ್ಲಿ ಹಾಳೆ ಹಾಕೋದು ಕಷ್ಟ. ಹಾಳೆಗೆ ಸರಿಹೋಗೋದು ಎರಡು ಗೋಡೆ ಪೂರ್ತಿ ಬೇರೆಯಾಗಿರುವ ಕಟ್ಟಡ. ರ‍್ಯಾಟ್ ಟ್ರ್ಯಾಪ್ ಕಟ್ಟುವವರು ಪಶ್ಚಿಮದ ಗೋಡೆಯ ಹೊರಗೆ ಸುಣ್ಣ ಬಳಿದರೆ, ಆ 42 ಡಿಗ್ರಿಯೇ ಕಡಿಮೆಯಾಗತ್ತೆ.