ಸ್ವಿಚ್‌ಗೆ ಸ್ವಿಚ್ ಜೋಡಿಸುವಾಗ

ಇಂಟರ್ನೆಟ್ ಕಂಪನಿಯವರು ಹಾಕಿಕೊಟ್ಟ ರೂಟರ್‌ನ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡೋ ನಾಲ್ಕೋ ಪೋರ್ಟ್‌ಗಳಿರುತ್ತವೆ. ಟಿವಿ, ಕಂಪ್ಯೂಟರ್, ಸಿಸಿಟಿವಿ ರೆಕಾರ್ಡರ್ ಬಂದರೆ ಅಷ್ಟೂ ತುಂಬಿಹೋಗುತ್ತವೆ. ಮುಂದಿನ ಕೇಬಲ್‌ಗೆ ಜಾಗ ಮಾಡಿಕೊಡುವ ಸರಳ ಸಾಧನವೇ ಗಿಗಾಬಿಟ್ ಸ್ವಿಚ್. ಇದಕ್ಕೆ ಪಾಸ್‌ವರ್ಡ್ ಬೇಡ, ಸೆಟ್ಟಿಂಗ್ ಬೇಡ. ಕರೆಂಟು ಕೊಟ್ಟು, ರೂಟರ್‌ನಿಂದ ಬಂದ ಕೇಬಲನ್ನು ಯಾವುದಾದರೂ ಒಂದು ಪೋರ್ಟ್‌ಗೆ ಸಿಕ್ಕಿಸಿದರೆ ಉಳಿದ ಪೋರ್ಟ್‌ಗಳೆಲ್ಲ ಕೆಲಸಕ್ಕೆ ಸಿದ್ಧ. ಯಾವ ಸಾಧನ ಯಾವ ಪೋರ್ಟ್‌ನಲ್ಲಿದೆ ಎಂಬುದನ್ನು ಅದು ಬರುವ ಮಾಹಿತಿಯನ್ನು ನೋಡಿಯೇ ಕಲಿತುಕೊಳ್ಳುತ್ತದೆ. ಆಮೇಲೆ ಒಬ್ಬರಿಗೆ ಬಂದದ್ದನ್ನು ಅವರ ಪೋರ್ಟ್‌ಗೆ ಮಾತ್ರ ಕಳಿಸುತ್ತದೆ.

ಎಂಟು ಪೋರ್ಟ್‌ನ ಸ್ವಿಚ್ ತಂದರೆ ನಮ್ಮ ಬಳಕೆಗೆ ಸಿಗುವುದು ಏಳು, ಒಂದು ರೂಟರ್‌ಗೆ ಹೋಗುತ್ತದೆ. ಸಾಲದೆ ಬಂದಾಗ ಜನ ಇನ್ನೊಂದು ಸ್ವಿಚ್ ತಂದು ಮೊದಲನೆಯದಕ್ಕೆ ಜೋಡಿಸುತ್ತಾರೆ, ಆಮೇಲೆ ಅದಕ್ಕೆ ಮತ್ತೊಂದು. ಐದು ಪೋರ್ಟ್‌ನ ಮೂರು ಸ್ವಿಚ್‌ಗಳನ್ನು ಹೀಗೆ ಸಾಲಾಗಿ ಕಟ್ಟಿದರೆ ಹದಿನೈದರಲ್ಲಿ ಐದು ಪೋರ್ಟ್ ಜೋಡಣೆಗೇ ಖರ್ಚಾಗಿ ಹತ್ತು ಉಳಿಯುತ್ತವೆ. ಎಲ್ಲ ಸಾಧನಗಳೂ ಒಂದೇ ಕೋಣೆಯಲ್ಲಿದ್ದರೆ ಹದಿನಾರು ಪೋರ್ಟ್‌ನ ಒಂದೇ ಸ್ವಿಚ್ ಕೊಳ್ಳುವುದು ಮೇಲು. ಸಾಲು ಕಟ್ಟುವುದಕ್ಕೆ ಅರ್ಥವಿರುವುದು ಸಾಧನಗಳು ಬೇರೆ ಬೇರೆ ಕೋಣೆ, ಮಹಡಿಗಳಲ್ಲಿದ್ದಾಗ.

ಹೀಗೆ ಜೋಡಿಸಿದರೆ ಪ್ರತಿ ಸ್ವಿಚ್‌ನಲ್ಲೂ ವೇಗ ಕುಸಿಯುತ್ತದೆ ಎಂಬ ಭಯ ಹಲವರಿಗಿದೆ. ಅದು ನಿಜವಲ್ಲ. ಸ್ವಿಚ್ ಒಂದು ಕಂತೆ ಮಾಹಿತಿಯನ್ನು ಪೂರ್ತಿ ಪಡೆದು ಮುಂದೆ ಕಳಿಸುತ್ತದೆ. 1500 ಬೈಟ್‌ಗಳ ಕಂತೆಗೆ ಗಿಗಾಬಿಟ್ ವೇಗದಲ್ಲಿ ಇದಕ್ಕೆ ಹಿಡಿಯುವ ಸಮಯ ಸುಮಾರು 12 ಮೈಕ್ರೋಸೆಕೆಂಡ್. ಮೂರು ಸ್ವಿಚ್ ದಾಟಿದರೂ 36ರ ಆಸುಪಾಸು. ಇಂಟರ್ನೆಟ್‌ನಲ್ಲಿ ಒಂದು ಸರ್ವರ್‌ಗೆ ಹೋಗಿಬರುವ ಸಮಯವನ್ನು ನಾವು ಮಿಲಿಸೆಕೆಂಡ್‌ಗಳಲ್ಲಿ, ಅಂದರೆ ಇದರ ನೂರಾರು ಪಟ್ಟಿನಲ್ಲಿ ಅಳೆಯುತ್ತೇವೆ. ಸಾಲಿನ ನಿಜವಾದ ಮಿತಿ ಇರುವುದು ಎರಡು ಸ್ವಿಚ್‌ಗಳ ನಡುವಿನ ಆ ಒಂದೇ ಕೇಬಲ್‌ನಲ್ಲಿ.

ಮದುವೆ ಫೋಟೋ ತೆಗೆಯುವ ಒಂದು ಎರಡಂತಸ್ತಿನ ಸ್ಟುಡಿಯೋ ಇದೆಯೆಂದು ಇಟ್ಟುಕೊಳ್ಳಿ. ಕೆಳಗೆ ರೂಟರ್, ಅದರ ಪಕ್ಕ ಎಂಟು ಪೋರ್ಟ್‌ನ ಸ್ವಿಚ್. ಅದಕ್ಕೆ ಎಲ್ಲರೂ ಹಂಚಿಕೊಳ್ಳುವ ಸ್ಟೋರೇಜ್ ಮತ್ತು ಕೌಂಟರ್‌ನ ಕಂಪ್ಯೂಟರ್. ಅಲ್ಲಿಂದ ಒಂದು ಕೇಬಲ್ ಮೆಟ್ಟಿಲ ಪಕ್ಕದಲ್ಲಿ ಹತ್ತಿ ಮಹಡಿಯ ಸ್ವಿಚ್ ಸೇರುತ್ತದೆ, ಅದಕ್ಕೆ ಎಡಿಟಿಂಗ್ ಕಂಪ್ಯೂಟರ್‌ಗಳು. ವರ್ಷ ಕಳೆದ ಮೇಲೆ ಹಿಂದಿನ ಕೋಣೆಯಲ್ಲಿ ಆಲ್ಬಮ್ ಕೆಲಸ ಶುರುವಾಯಿತು. ಮಹಡಿಯ ಸ್ವಿಚ್‌ನಿಂದಲೇ ಕೇಬಲ್ ಎಳೆದು ಮೂರನೇ ಸ್ವಿಚ್ ಇಟ್ಟರು. ಬ್ಯಾಕಪ್ ಇಡುವ ಸ್ಟೋರೇಜ್ ಕೂಡ ಆ ಕೋಣೆಗೆ ಹೋಯಿತು.

ಗಿಗಾಬಿಟ್ ಕೇಬಲ್‌ನಲ್ಲಿ ಫೈಲ್‌ಗಳು ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ವೇಗದಲ್ಲಿ ಸಾಗುತ್ತವೆ. ಒಂದು ಮದುವೆಯ 20 ಜಿಬಿ ಫೋಟೋಗಳಿಗೆ ಮೂರು ನಿಮಿಷ ಸಾಕು. ಕೌಂಟರ್‌ನವರು ಕ್ಯಾಮೆರಾ ಕಾರ್ಡಿನ ಫೋಟೋಗಳನ್ನು ಹಿಂದಿನ ಕೋಣೆಯ ಬ್ಯಾಕಪ್‌ಗೆ ಕಳಿಸುತ್ತಿರುವಾಗಲೇ ಮಹಡಿಯ ಎಡಿಟರ್ ಕೆಳಗಿನ ಸ್ಟೋರೇಜ್‌ನಿಂದ ಇನ್ನೊಂದು ಮದುವೆಯ ಫೋಟೋಗಳನ್ನು ಎಳೆದುಕೊಂಡರೆ ಏನಾಗುತ್ತದೆ? ಕಳಿಸುವವರೂ ಬೇರೆ, ಪಡೆಯುವವರೂ ಬೇರೆ. ನಾಲ್ವರೂ ಒಂದೇ ಸ್ವಿಚ್‌ನಲ್ಲಿದ್ದರೆ ಎರಡೂ ಕೆಲಸ ಪೂರ್ಣ ವೇಗದಲ್ಲಿ ನಡೆಯುತ್ತಿದ್ದವು. ಇಲ್ಲಿ ಎರಡೂ ಮೆಟ್ಟಿಲ ಪಕ್ಕದ ಕೇಬಲನ್ನೇ ಹತ್ತಬೇಕು. ಇಬ್ಬರಿಗೂ ಅರ್ಧರ್ಧ ವೇಗ, ಮೂರು ನಿಮಿಷದ ಕೆಲಸಕ್ಕೆ ಆರು ನಿಮಿಷ. ಎಡಿಟರ್ ಆ ಹೊತ್ತಿನಲ್ಲಿ ಕೆಳಗಿನ ಸ್ಟೋರೇಜ್‌ಗೆ ಫೋಟೋ ಕಳಿಸುತ್ತಿದ್ದರೆ ಮಾತ್ರ ತೊಂದರೆಯಿರಲಿಲ್ಲ, ಏಕೆಂದರೆ ಗಿಗಾಬಿಟ್ ಕೇಬಲ್‌ನಲ್ಲಿ ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ ಪ್ರತ್ಯೇಕವಾಗಿ ಪೂರ್ಣ ವೇಗವಿದೆ.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಮಹಡಿಯವರು, ಹಿಂದಿನ ಕೋಣೆಯವರು ಎಲ್ಲರೂ ಕೆಳಗಿನ ಒಂದೇ ಸ್ಟೋರೇಜ್‌ನಿಂದ ಫೈಲ್ ಎಳೆಯುತ್ತಿದ್ದರೆ ಸಾಲಿನಿಂದ ಹೆಚ್ಚಿನ ನಷ್ಟವೇನೂ ಇಲ್ಲ. ಸ್ಟೋರೇಜ್‌ಗೆ ಇರುವುದೇ ಒಂದು ಗಿಗಾಬಿಟ್ ಪೋರ್ಟ್ ಆದರೆ ಎಲ್ಲರೂ ಹೇಗಿದ್ದರೂ ಅದನ್ನು ಹಂಚಿಕೊಳ್ಳಬೇಕು. ಇಂಟರ್ನೆಟ್ಟಿನದೂ ಹಾಗೆಯೇ. ಸಂಪರ್ಕ 200 ಎಂಬಿಪಿಎಸ್ ಇದ್ದರೆ ಅದನ್ನು ಮಾತ್ರ ಬಳಸುವ ಮನೆಯಲ್ಲಿ ಸಾಲು ಎಷ್ಟು ಉದ್ದವಿದ್ದರೂ ವೇಗದ ವ್ಯತ್ಯಾಸ ಕಾಣುವುದಿಲ್ಲ. ಸ್ವಿಚ್ ಬದಲಿಸುವ ಮೊದಲು ಯಾರು ಯಾರಿಗೆ ಕಳಿಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಅದಕ್ಕೇ ಒಳ್ಳೆಯದು.

ಕೆಲವೊಮ್ಮೆ ವೇಗ ಅರ್ಧವಲ್ಲ, ಹತ್ತನೇ ಒಂದು ಭಾಗಕ್ಕೆ ಬಿದ್ದಿರುತ್ತದೆ. ಇದರ ಕಾರಣ ಬೇರೆ. ಗಿಗಾಬಿಟ್‌ಗೆ ಕೇಬಲ್‌ನೊಳಗಿನ ನಾಲ್ಕು ಜೊತೆ ತಂತಿಗಳೂ ಬೇಕು. ಒಂದು ಜೊತೆ ಕಡಿದಿದ್ದರೂ ಅಥವಾ ಕನೆಕ್ಟರ್‌ನಲ್ಲಿ ಸರಿಯಾಗಿ ಕೂರದಿದ್ದರೂ ಸಂಪರ್ಕ ತಾನಾಗಿ 100 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ. ಸ್ವಿಚ್‌ಗಳ ನಡುವಿನ ಕೇಬಲ್‌ನಲ್ಲಿ ಹೀಗಾದರೆ ಕಂಪ್ಯೂಟರ್ ಅದನ್ನು ತೋರಿಸುವುದಿಲ್ಲ, ಅದು ತನ್ನ ಕೇಬಲ್‌ನ ವೇಗವನ್ನಷ್ಟೇ 1000 ಎಂದು ಹೇಳುತ್ತಿರುತ್ತದೆ. ಪತ್ತೆಗೆ ಎರಡು ಕಂಪ್ಯೂಟರ್‌ಗಳಲ್ಲಿ iperf3 ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಬೇಕು. ಕೆಳಗಿನ ಕಂಪ್ಯೂಟರ್‌ನಲ್ಲಿ ಮೊದಲ ಸಾಲು, ಮೇಲಿನದರಲ್ಲಿ ಎರಡನೆಯದು. ವಿಳಾಸದ ಜಾಗದಲ್ಲಿ ಕೆಳಗಿನ ಕಂಪ್ಯೂಟರ್‌ನದನ್ನು ಹಾಕಿ:

```
iperf3 -s
iperf3 -c 192.168.1.20
```

ಉತ್ತರ 940ರ ಹತ್ತಿರ ಬಂದರೆ ದಾರಿ ಸರಿಯಾಗಿದೆ. 94ರ ಹತ್ತಿರ ಬಂದರೆ ನಡುವೆ ಎಲ್ಲೋ 100ರ ಕೊಂಡಿ ಇದೆ. ಬಹಳಷ್ಟು ಸ್ವಿಚ್‌ಗಳಲ್ಲಿ 1000ಕ್ಕೂ 100ಕ್ಕೂ ದೀಪದ ಬಣ್ಣ ಬೇರೆಯಿರುವುದರಿಂದ ಯಾವ ಕೇಬಲ್ ಎಂಬುದು ಅಲ್ಲೇ ಸಿಗುತ್ತದೆ.

ನಮ್ಮ ಸ್ಟುಡಿಯೋದ ತೊಂದರೆಗೆ ಪರಿಹಾರ, ಹಿಂದಿನ ಕೋಣೆಗೆ ಕೆಳಗಿನ ಸ್ವಿಚ್‌ನಿಂದಲೇ ಬೇರೆ ಕೇಬಲ್ ಎಳೆಯುವುದು. ಆಗ ಎರಡೂ ಕೋಣೆಗಳಿಗೆ ತಮ್ಮದೇ ದಾರಿ ಸಿಗುತ್ತದೆ. ಒಂದು ಕೇಬಲ್ 100 ಮೀಟರ್ ಒಳಗಿರಬೇಕು ಎಂಬ ನಿಯಮ ಇಂಥ ಕಟ್ಟಡದಲ್ಲಿ ಅಡ್ಡ ಬರುವುದಿಲ್ಲ. ಅಪಾಯ ಇರುವುದು ಹೊಸ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿ. ಮಹಡಿಯಿಂದ ಹಿಂದಿನ ಕೋಣೆಗಿದ್ದ ಹಳೆಯದನ್ನು ತೆಗೆಯದೆ ಬಿಟ್ಟರೆ ಮೂರು ಸ್ವಿಚ್‌ಗಳೂ ಸೇರಿ ಒಂದು ಸುತ್ತು ಆಗುತ್ತದೆ. ಎಲ್ಲರಿಗೂ ಎಂದು ಹೊರಟ ಒಂದು ಸಂದೇಶ ಆ ಸುತ್ತಿನಲ್ಲಿ ತಿರುಗುತ್ತಲೇ ಇರುತ್ತದೆ. ಇಷ್ಟು ಸಲ ಸುತ್ತಿದ ಮೇಲೆ ನಿಲ್ಲು ಎನ್ನುವ ಎಣಿಕೆ ಈಥರ್ನೆಟ್‌ನಲ್ಲಿಲ್ಲ. ಕೆಲವೇ ಕ್ಷಣಗಳಲ್ಲಿ ಎಲ್ಲ ಪೋರ್ಟ್‌ಗಳ ದೀಪಗಳೂ ಬಿಡದೆ ಮಿನುಗತೊಡಗುತ್ತವೆ, ವೈಫೈ ಸಹಿತ ಎಲ್ಲವೂ ನಿಲ್ಲುತ್ತದೆ. ಎಷ್ಟೋ ಮಂದಿ ಆಗ ಇಂಟರ್ನೆಟ್ ಕಂಪನಿಗೆ ಫೋನ್ ಮಾಡುತ್ತಾರೆ.

ಇಂಥ ಸುತ್ತನ್ನು ತಾನಾಗಿ ಮುರಿಯುವ ವಿಧಾನವನ್ನು ಅಮೆರಿಕದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದರು, ಅದರ ಹೆಸರು ಸ್ಪ್ಯಾನಿಂಗ್ ಟ್ರೀ. ನನ್ನ ಮಟ್ಟಿಗೆ ಜಾಲಗಳ ಚರಿತ್ರೆಯ ಅತಿ ಸುಂದರ ಉಪಾಯಗಳಲ್ಲಿ ಅದೂ ಒಂದು. ಆದರೆ ಅಗ್ಗದ ಸಾದಾ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ವೇಗ ಎರಡು ಪಟ್ಟಾಗಲಿ ಎಂದು ಎರಡು ಸಾದಾ ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದರೂ ಇದೇ ಗತಿ. ಒಂದು ಕೇಬಲ್ ಕಿತ್ತರೆ ಎಲ್ಲವೂ ಕೂಡಲೇ ಶಾಂತವಾಗುತ್ತದೆ; ಕಾರಣ ಸುತ್ತೇ ಎಂಬುದಕ್ಕೆ ಅದೇ ಗುರುತು. ಆದ್ದರಿಂದ ಮೊದಲು ಹಳೆಯದನ್ನು ಕಿತ್ತು, ಆಮೇಲೆ ಹೊಸದನ್ನು ಸಿಕ್ಕಿಸಬೇಕು.

ಈ ಬದಲಾವಣೆಯಿಂದ ಇನ್ನೊಂದು ಅನುಕೂಲವೂ ಇದೆ. ಮೊದಲು ಮಹಡಿಯ ಸ್ವಿಚ್‌ನ ಅಡಾಪ್ಟರ್ ಸುಟ್ಟರೆ ಹಿಂದಿನ ಕೋಣೆಯ ಕೆಲಸವೂ ನಿಲ್ಲುತ್ತಿತ್ತು. ಈಗ ಕೋಣೆಗಳೆಲ್ಲ ಆತುಕೊಂಡಿರುವುದು ಕೆಳಗಿನ ಸ್ವಿಚ್ ಒಂದನ್ನೇ. ರೂಟರ್‌ಗಿರುವ ಯುಪಿಎಸ್‌ಗೆ ಅದನ್ನೂ ಸೇರಿಸಬೇಕು.